45 ರೂಪಾಯಿಯ ಸಾಲಿನ ಅರ್ಧ ಪೈಸೆ: ಬಿಲ್ ಮೊತ್ತದ ದೋಷವೊಂದರ ದುರಸ್ತಿ, ಅದರ ಕಮಿಟ್ ಸಂದೇಶ ಮತ್ತು ಪುಲ್ ರಿಕ್ವೆಸ್ಟ್ ವಿವರಣೆ

ನಮ್ಮ ತಂಡ ನೋಡಿಕೊಳ್ಳುವ ಬಿಲ್ಲಿಂಗ್ ತಂತ್ರಾಂಶವನ್ನು ಬಳಸುವ ಅಗರಬತ್ತಿಯ ಸಗಟು ಅಂಗಡಿಯೊಂದರಿಂದ ಬಂದ ದೂರು ಒಂದೇ ಒಂದು ರೂಪಾಯಿಯದು. ಕೌಂಟರಿನಲ್ಲಿ ಕುಳಿತವರು ಪರದೆಯ ಮೇಲೆ 336 ರೂಪಾಯಿ ನೋಡಿ, ಗ್ರಾಹಕರಿಂದ ಯುಪಿಐ ಮೂಲಕ ಅಷ್ಟನ್ನೇ ಪಡೆದಿದ್ದರು. ಆದರೆ ಮುದ್ರಣವಾಗಿ ಹೊರಬಂದ ಬಿಲ್ಲಿನಲ್ಲಿ 335 ರೂಪಾಯಿ ಎಂದಿತ್ತು. ಸಂಜೆ ಲೆಕ್ಕ ತಾಳೆ ನೋಡುವಾಗ ಅಂಗಡಿಯ ಲೆಕ್ಕಿಗರಿಗೆ ಒಂದು ರೂಪಾಯಿ ಹೆಚ್ಚುವರಿ ಸಿಕ್ಕಿತು. ಇದು ಮೊದಲ ಸಲವಲ್ಲ, ವಾರದಲ್ಲಿ ಹಲವು ಬಾರಿ ಹೀಗಾಗುತ್ತದೆ, ಕೆಲವೊಮ್ಮೆ ಹೆಚ್ಚು, ಕೆಲವೊಮ್ಮೆ ಕಡಿಮೆ ಎಂದು ಅವರು ಬರೆದು, ಆ ಬಿಲ್ಲಿನ ಪ್ರತಿಯನ್ನೂ ಪರದೆಯ ಚಿತ್ರವನ್ನೂ ಜೊತೆಗಿಟ್ಟಿದ್ದರು. ಎರಡೂ ಒಟ್ಟಿಗೆ ಇದ್ದುದರಿಂದಲೇ ಈ ದುರಸ್ತಿ ಸಾಧ್ಯವಾಯಿತು. ಕೇವಲ ಮೊತ್ತ ತಪ್ಪು ಎಂದು ಬರೆದಿದ್ದರೆ ನಾವು ಎಲ್ಲಿಂದ ಹುಡುಕಬೇಕಿತ್ತೋ ತಿಳಿಯದು.

ಬಿಲ್ಲಿನಲ್ಲಿ ನಾಲ್ಕು ಸಾಲುಗಳಿದ್ದವು. ತೆರಿಗೆಗೆ ಮುಂಚಿನ ಬೆಲೆಗಳು ಕ್ರಮವಾಗಿ 45.00, 125.00, 85.00 ಮತ್ತು 64.50 ರೂಪಾಯಿ, ಒಟ್ಟು 319.50. ಅಗರಬತ್ತಿಗೆ ಜಿಎಸ್‌ಟಿ ಶೇ. 5. ಕೊಳ್ಳುವವರೂ ಮಾರುವವರೂ ಕರ್ನಾಟಕದೊಳಗೇ ಇರುವುದರಿಂದ ಅದು ಶೇ. 2.5 ಸಿಜಿಎಸ್‌ಟಿ ಮತ್ತು ಶೇ. 2.5 ಎಸ್‌ಜಿಎಸ್‌ಟಿ ಎಂದು ಎರಡು ಭಾಗವಾಗುತ್ತದೆ. ಪರದೆಯಲ್ಲಿ ಮೊದಲ ಸಾಲಿನ ಸಿಜಿಎಸ್‌ಟಿ 1.13 ಎಂದಿದ್ದರೆ, ಕಾಗದದಲ್ಲಿ 1.12 ಎಂದಿತ್ತು. ಎರಡನೆಯ ಸಾಲಿನಲ್ಲಿ 3.13 ಮತ್ತು 3.12, ಮೂರನೆಯದರಲ್ಲಿ 2.13 ಮತ್ತು 2.12. ನಾಲ್ಕನೆಯದರಲ್ಲಿ ಮಾತ್ರ ಎರಡೂ ಕಡೆ 1.61. ಅಂದರೆ ದೋಷ ಕೊನೆಯ ಮೊತ್ತದಲ್ಲಿ ಹುಟ್ಟಿದ್ದಲ್ಲ. ಸಾಲುಗಳಲ್ಲಿ ಹುಟ್ಟಿ, ಕೊನೆಯಲ್ಲಿ ರೂಪಾಯಿಗೆ ರೌಂಡ್ ಮಾಡುವಾಗ ಕಣ್ಣಿಗೆ ಬಿದ್ದದ್ದು. ಕೊನೆಯ ಅಂಕಿ 50 ಪೈಸೆಯ ಆಸುಪಾಸಿನಲ್ಲಿ ಇಲ್ಲದಿದ್ದರೆ ಆ ರೌಂಡ್ ಆಫ್ ಈ ಪೈಸೆಗಳನ್ನು ನುಂಗಿಬಿಡುತ್ತಿತ್ತು. ಇಷ್ಟು ದಿನ ಇದು ಅಡಗಿದ್ದದ್ದು ಹಾಗೆಯೇ.

ಕೋಡಿನಲ್ಲಿ ಹುಡುಕಿದಾಗ ತೆರಿಗೆಯನ್ನು ಮೂರು ಕಡೆ ಲೆಕ್ಕ ಹಾಕುತ್ತಿರುವುದು ಕಂಡಿತು. ಬ್ರೌಸರಿನ ಜಾವಾಸ್ಕ್ರಿಪ್ಟ್ ಪ್ರತಿ ಸಾಲನ್ನು ರೌಂಡ್ ಮಾಡಿ, ಆ ರೌಂಡ್ ಮಾಡಿದ ಅಂಕಿಗಳನ್ನೇ ಕೂಡುತ್ತಿತ್ತು. ಸರ್ವರಿನ ಪೈಥಾನ್ ಕೋಡು ಬಿಲ್ಲಿನ ಸಾಲುಗಳನ್ನು ಮುದ್ರಿಸುವಾಗ ಒಂದು ಸಲ ರೌಂಡ್ ಮಾಡುತ್ತಿತ್ತು. ಕೊನೆಯ ಮೊತ್ತಕ್ಕೆ ಮಾತ್ರ ಅದೇ ಪೈಥಾನ್ ಕೋಡು ಬೇರೊಂದು ಕಡತದಲ್ಲಿ, ರೌಂಡ್ ಮಾಡದ ತೆರಿಗೆಗಳನ್ನು ಕೂಡಿ, ಒಮ್ಮೆಲೇ ರೂಪಾಯಿಗೆ ಇಳಿಸುತ್ತಿತ್ತು.

```python
# ಹಳೆಯ ಕೋಡು, ಎರಡು ಬೇರೆ ಕಡತಗಳಿಂದ
cgst = round(taxable * gst / 200, 2)
total = round(sum(t + t * gst / 100 for t, gst in rows))
```

ನಮ್ಮ ನಾಲ್ಕು ಸಾಲುಗಳಿಗೆ ಇದರ ಫಲ ಹೀಗಾಗುತ್ತದೆ. ಬ್ರೌಸರಿನ ಲೆಕ್ಕದಲ್ಲಿ ಸಿಜಿಎಸ್‌ಟಿ 8.00, ಎಸ್‌ಜಿಎಸ್‌ಟಿ 8.00, ಒಟ್ಟು 335.50, ಆದ್ದರಿಂದ 336. ಕಾಗದದ ಮೇಲಿನ ಸಾಲುಗಳನ್ನು ಕೂಡಿದರೆ ತೆರಿಗೆ 7.97 ಮತ್ತು 7.97, ಒಟ್ಟು 335.44. ಕಾಗದದ ಅಡಿಯಲ್ಲಿರುವ ಮೊತ್ತ ಹುಟ್ಟುವುದು 335.475 ಎಂಬ, ಎಲ್ಲೂ ಅಚ್ಚಾಗದ ಅಂಕಿಯಿಂದ, ಆದ್ದರಿಂದ 335. ಒಂದೇ ಬಿಲ್ಲಿಗೆ ಮೂರು ಸತ್ಯಗಳು. ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಉತ್ತರ ಕೋಡಿನಲ್ಲಿ ಎಲ್ಲೂ ಇರಲಿಲ್ಲ. ಆ ಸಾಲುಗಳನ್ನು ಸೇರಿಸಿದ ಹಳೆಯ ಕಮಿಟ್‌ಗಳನ್ನು `git log -S'round(' -- billing/` ಎಂದು ಹುಡುಕಿ ತೆಗೆದಾಗ, ಒಂದರ ಸಂದೇಶ ಕೇವಲ "ಮೊತ್ತ ಸರಿಪಡಿಸಲಾಗಿದೆ" ಎಂದಿತ್ತು. ಯಾವ ಮೊತ್ತ, ಯಾವ ಬಿಲ್ಲಿನಲ್ಲಿ ತಪ್ಪಾಗಿತ್ತು, ಸರಿ ಎಂದರೆ ಏನು ಎಂಬುದು ಬರೆದವರ ಜೊತೆಗೇ ಹೋಗಿತ್ತು. ಈ ದುರಸ್ತಿಯ ಸಂದೇಶವನ್ನು ಬರೆಯಲು ನಾನು ಕೋಡಿಗಿಂತ ಹೆಚ್ಚು ಸಮಯ ತೆಗೆದುಕೊಂಡದ್ದಕ್ಕೆ ಕಾರಣ ಆ ಎರಡು ಪದಗಳು.

ಮೊದಲ ಪ್ರಯತ್ನ ಏಕೆ ಫಲಿಸಲಿಲ್ಲ

ಹಣದ ಲೆಕ್ಕದಲ್ಲಿ ಫ್ಲೋಟ್ ಬಳಸಬಾರದು ಎಂಬುದು ಎಲ್ಲರೂ ಕೇಳಿದ ಮಾತಾದ್ದರಿಂದ, ನಾನು ಮೊದಲು ಮಾಡಿದ ಕೆಲಸ ಪೈಥಾನ್ ಕೋಡಿನ ಫ್ಲೋಟ್‌ಗಳನ್ನೆಲ್ಲ `Decimal` ಆಗಿ ಬದಲಿಸಿದ್ದು. ಟೆಸ್ಟ್ ಓಡಿಸಿದೆ. ಈ ಬಿಲ್ಲಿನ ಒಂದು ಅಂಕಿಯೂ ಬದಲಾಗಲಿಲ್ಲ: 1.12, 3.12, 2.12, 1.61.

ಕಾರಣ ತಿಳಿಯಲು ಎರಡು ಬೆಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕಾಯಿತು. 43 ರೂಪಾಯಿಯ ಶೇ. 2.5 ಎಂದರೆ 1.075. ಈ ಸಂಖ್ಯೆಯನ್ನು ಕಂಪ್ಯೂಟರಿನ ದ್ವಿಮಾನ ಫ್ಲೋಟ್ ನಿಖರವಾಗಿ ಹಿಡಿಯಲಾರದು. ಅದು ಒಳಗೆ ಇಟ್ಟುಕೊಳ್ಳುವುದು 1.07499999999999995… ಎಂಬ, ಕೂದಲೆಳೆಯಷ್ಟು ಚಿಕ್ಕ ಸಂಖ್ಯೆಯನ್ನು. ಆದ್ದರಿಂದ `round(1.075, 2)` ಎಂದರೆ 1.07 ಬರುತ್ತದೆ. ಇದು ಫ್ಲೋಟ್‌ನ ದೋಷ, `Decimal` ಬಳಸಿದೊಡನೆ ಇದು 1.08 ಆಗುತ್ತದೆ. ಆದರೆ 45 ರೂಪಾಯಿಯ ಶೇ. 2.5 ಎಂದರೆ 1.125, ಅಂದರೆ ಒಂದು ಪೂರ್ಣ ಮತ್ತು ಎಂಟನೆಯ ಒಂದು ಭಾಗ. ಇದನ್ನು ಫ್ಲೋಟ್ ಕೂಡ ಕೊಂಚವೂ ತಪ್ಪದೆ ಹಿಡಿಯುತ್ತದೆ. ಇಲ್ಲಿ ತಪ್ಪುವುದು ಸಂಖ್ಯೆಯಲ್ಲ, ಅರ್ಧ ಪೈಸೆ ಸರಿಯಾಗಿ ನಡುವೆ ನಿಂತಾಗ ಯಾವ ಕಡೆಗೆ ವಾಲಬೇಕು ಎಂಬ ನಿಯಮ. ಪೈಥಾನಿನ `round` ಆಗಲಿ, `Decimal` ಸಂಖ್ಯೆಯ `quantize` ಆಗಲಿ, ನಾವು ಬೇರೆ ಹೇಳದಿದ್ದರೆ ಹತ್ತಿರದ ಸಮ ಅಂಕಿಯ ಕಡೆಗೆ ವಾಲುತ್ತವೆ, ಆದ್ದರಿಂದ 1.125 ಎಂಬುದು 1.12 ಆಗುತ್ತದೆ. ಜಾವಾಸ್ಕ್ರಿಪ್ಟಿನ `Math.round` ಮೇಲಕ್ಕೆ ವಾಲುತ್ತದೆ, ಆದ್ದರಿಂದ ಪೈಸೆಯಲ್ಲಿ ಎಣಿಸಿದ 112.5 ಅಲ್ಲಿ 113, ಅಂದರೆ 1.13. ಎರಡೂ ತಮ್ಮ ತಮ್ಮ ಕೈಪಿಡಿಯಲ್ಲಿ ಬರೆದಂತೆಯೇ ನಡೆದುಕೊಳ್ಳುತ್ತಿವೆ. ನಾವು ಯಾವುದನ್ನು ಬಯಸುತ್ತೇವೆ ಎಂದು ಹೇಳದೇ ಹೋದದ್ದು ನಮ್ಮ ತಪ್ಪು.

ಇಂಥದ್ದೇ ದೋಷ ಎದುರಾದವರಿಗೆ ಈ ಎರಡು ಬೆಲೆಗಳೇ ಒಳ್ಳೆಯ ಪರೀಕ್ಷೆ. 43ರ ಸಾಲು ತಪ್ಪಿ 45ರದು ಸರಿಯಿದ್ದರೆ ಫ್ಲೋಟ್ ನೋಡಬೇಕು, 43 ಸರಿಯಿದ್ದು 45 ತಪ್ಪಿದರೆ ವಾಲುವ ದಿಕ್ಕನ್ನು ನೋಡಬೇಕು. ನಮ್ಮಲ್ಲಿ ಎರಡೂ ತಪ್ಪಿದ್ದವು.

ಈ ದೋಷ ಅಗರಬತ್ತಿಯ ಅಂಗಡಿಯಲ್ಲೇ ಏಕೆ ಎದ್ದು ಕಂಡಿತು, ಶೇ. 18 ತೆರಿಗೆಯ ಸರಕು ಮಾರುವ ಇತರ ಬಳಕೆದಾರರಲ್ಲಿ ಏಕೆ ಕಾಣಲಿಲ್ಲ ಎಂಬುದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಒಂದು ರೂಪಾಯಿಯ ಶೇ. 2.5 ಎಂದರೆ ಎರಡೂವರೆ ಪೈಸೆ. ಆದ್ದರಿಂದ ಪೂರ್ಣ ರೂಪಾಯಿಯಲ್ಲಿರುವ ಪ್ರತಿಯೊಂದು ಬೆಸ ಬೆಲೆಯೂ, ಅದು 1 ಆಗಲಿ 41 ಆಗಲಿ 999 ಆಗಲಿ, ಸರಿಯಾಗಿ ಅರ್ಧ ಪೈಸೆಯ ಮೇಲೆ ಬಂದು ನಿಲ್ಲುತ್ತದೆ. ಅವುಗಳಲ್ಲಿ ಅರ್ಧದಷ್ಟು, ಅಂದರೆ 4ರಿಂದ ಭಾಗಿಸಿದಾಗ 1 ಉಳಿಯುವ ಬೆಲೆಗಳಲ್ಲಿ, ಸಮ ಅಂಕಿಯ ನಿಯಮಕ್ಕೂ ಮೇಲಕ್ಕೆ ವಾಲುವ ನಿಯಮಕ್ಕೂ ಒಂದು ಪೈಸೆಯ ವ್ಯತ್ಯಾಸ ಬರುತ್ತದೆ. 45, 125, 85 ಮೂರೂ ಅಂಥವೇ. ಶೇ. 18ರಲ್ಲಿ ಅರ್ಧವೆಂದರೆ ಶೇ. 9, ಒಂದು ರೂಪಾಯಿಗೆ ಸರಿಯಾಗಿ ಒಂಬತ್ತು ಪೈಸೆ. ಪೂರ್ಣ ರೂಪಾಯಿಯ ಬೆಲೆಗಳಲ್ಲಿ ಅಲ್ಲಿ ಅರ್ಧ ಪೈಸೆ ಹುಟ್ಟುವುದೇ ಇಲ್ಲ. ನಮ್ಮ ಹಳೆಯ ಟೆಸ್ಟ್‌ಗಳೆಲ್ಲ 100 ರೂಪಾಯಿ ಮತ್ತು ಶೇ. 18 ಎಂಬ ಅಂಕಿಗಳ ಮೇಲೆ ನಿಂತಿದ್ದುದರಿಂದ ಅವು ಎಂದೂ ಕೆಂಪಾಗಲಿಲ್ಲ.

ನಿಯಮವನ್ನು ಆರಿಸಿದ ಬಗೆ

ಇಲ್ಲಿ ನಿರ್ಧಾರ ಪ್ರೋಗ್ರಾಮರುಗಳದ್ದಲ್ಲ ಎಂದು ನಾನು ಭಾವಿಸಿ, ಅಂಗಡಿಯ ಲೆಕ್ಕಿಗರ ಜೊತೆ ಕುಳಿತೆ. 2017ರ ಸಿಜಿಎಸ್‌ಟಿ ಕಾಯ್ದೆಯ 170ನೆಯ ಕಲಮು ಪಾವತಿಸಬೇಕಾದ ತೆರಿಗೆಯನ್ನು ಹತ್ತಿರದ ರೂಪಾಯಿಗೆ ರೌಂಡ್ ಮಾಡಬೇಕೆಂದೂ, 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಿ, ಕಡಿಮೆಯಿದ್ದರೆ ಬಿಡಬೇಕೆಂದೂ ಹೇಳುತ್ತದೆ. ಅದು ಮಾತಾಡುವುದು ರೂಪಾಯಿಯ ವಿಷಯ, ಬಿಲ್ಲಿನ ಸಾಲಿನ ಪೈಸೆಯ ವಿಷಯವಲ್ಲ. ಆದರೂ ಅರ್ಧ ಬಂದರೆ ಮೇಲಕ್ಕೆ ಎಂಬ ದಿಕ್ಕು ಅಲ್ಲಿ ಸ್ಪಷ್ಟವಾಗಿದೆ. ಅದೇ ದಿಕ್ಕನ್ನು ಪೈಸೆಗೂ ಇಟ್ಟುಕೊಂಡರೆ ಕ್ಯಾಲ್ಕ್ಯುಲೇಟರ್ ಹಿಡಿದು ಬಿಲ್ ಪರಿಶೀಲಿಸುವ ಗ್ರಾಹಕರ ರೂಢಿಗೂ ಹೊಂದುತ್ತದೆ ಎಂದು ಲೆಕ್ಕಿಗರು ಹೇಳಿದರು. ನಾನು ಒಪ್ಪಿದೆ.

ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾಗಿತ್ತು: ರೌಂಡ್ ಮಾಡುವುದು ಪ್ರತಿ ಸಾಲಿನಲ್ಲೋ, ಇಡೀ ಬಿಲ್ಲಿಗೆ ಒಮ್ಮೆಯೋ? ಇಡೀ ಬಿಲ್ಲಿಗೆ ಒಮ್ಮೆ ಮಾಡಿದರೆ 319.50ರ ಶೇ. 2.5 ಎಂದರೆ 7.9875, ರೌಂಡ್ ಮಾಡಿದರೆ 7.99, ಒಟ್ಟು 335.48, ಕೊಡಬೇಕಾದದ್ದು 335. ಸಾಲಿನಲ್ಲಿ ಮಾಡಿದರೆ 8.00, ಒಟ್ಟು 335.50, ಕೊಡಬೇಕಾದದ್ದು 336. ಗಣಿತದ ದೃಷ್ಟಿಯಿಂದ ಮೊದಲನೆಯದೇ ನಿಜವಾದ ಮೌಲ್ಯಕ್ಕೆ ಹತ್ತಿರ. ಸಾಲಿನಲ್ಲಿ ರೌಂಡ್ ಮಾಡಿದರೆ ಪ್ರತಿ ಸಾಲಿಗೂ ಪ್ರತಿ ತೆರಿಗೆಗೂ ಅರ್ಧ ಪೈಸೆಯವರೆಗೆ ತಪ್ಪು ಸೇರಬಹುದು. ಬೆಲೆಗಳೆಲ್ಲ ಬೆಸ ರೂಪಾಯಿಗಳಾಗಿದ್ದರೆ ಆ ತಪ್ಪುಗಳು ಒಂದನ್ನೊಂದು ಅಳಿಸದೆ ಎಲ್ಲವೂ ಮೇಲಕ್ಕೇ ಸೇರುತ್ತವೆ. 50 ಸಾಲುಗಳ ಬಿಲ್ಲಿನಲ್ಲಿ ಎರಡೂ ತೆರಿಗೆ ಸೇರಿ 50 ಪೈಸೆಯವರೆಗೆ ಹೆಚ್ಚಬಹುದು.

ಹಾಗಿದ್ದೂ ನಾವು ಸಾಲನ್ನೇ ಆರಿಸಿದೆವು. ಈ ಅಂಗಡಿಯ ಬಿಲ್ಲಿನ ಪ್ರತಿ ಸಾಲಿನಲ್ಲೂ ತೆರಿಗೆಯ ಮೊತ್ತ ಅಚ್ಚಾಗುತ್ತದೆ. ಅಚ್ಚಾದ ಅಂಕಿಗಳನ್ನು ಕೂಡಿದರೆ ಅಡಿಯ ಅಂಕಿ ಬರಲೇಬೇಕು ಎಂಬುದು ಓದುವವರ ನ್ಯಾಯವಾದ ನಿರೀಕ್ಷೆ. ಇ-ಇನ್‌ವಾಯ್ಸ್‌ನ ವಿನ್ಯಾಸವೂ ಪ್ರತಿ ಸಾಲಿಗೆ `CgstAmt`, `SgstAmt` ಎಂಬ ಅಂಕಿಗಳನ್ನು ಕೇಳಿ, ಕೊನೆಯಲ್ಲಿ `RndOffAmt` ಎಂಬುದನ್ನು ಪ್ರತ್ಯೇಕವಾಗಿ ಇಡುತ್ತದೆ. ನಾಳೆ ಈ ಅಂಗಡಿಗೆ ಅದು ಬೇಕಾದರೆ ಸಾಲಿನ ಲೆಕ್ಕ ನೇರವಾಗಿ ಹೊಂದಿಕೊಳ್ಳುತ್ತದೆ. ಬಿಲ್ಲಿನಲ್ಲಿ ಸಾಲುವಾರು ತೆರಿಗೆ ತೋರಿಸದ ಅಂಗಡಿಯಾಗಿದ್ದರೆ ನಾನು ಇನ್ನೊಂದನ್ನು ಆರಿಸುತ್ತಿದ್ದೆ. ನಿಯಮ ಯಾವುದೇ ಇರಲಿ, ಅದು ಕಾಗದದಲ್ಲಿ ಕಾಣುವ ಅಂಕಿಗಳ ಮೇಲೆ ನಿಲ್ಲಬೇಕು.

ಕೋಡು ಆಮೇಲೆ ಚಿಕ್ಕದಾಯಿತು.

```python
from decimal import Decimal, ROUND_HALF_UP

PAISE, RUPEE = Decimal("0.01"), Decimal("1")

def to_paise(x):
    return x.quantize(PAISE, rounding=ROUND_HALF_UP)

def line_tax(taxable, gst):
    half = to_paise(taxable * gst / 200)
    return half, half

def invoice_total(lines):
    exact = sum((l.taxable + l.cgst + l.sgst for l in lines),
                Decimal("0"))
    payable = exact.quantize(RUPEE, rounding=ROUND_HALF_UP)
    return payable, payable - exact
```

ಒಟ್ಟು ತೆರಿಗೆಯನ್ನು ಮೊದಲು ಲೆಕ್ಕ ಹಾಕಿ ಅದನ್ನು ಎರಡಾಗಿ ಒಡೆಯುವ ದಾರಿಯನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇವೆ. 45 ರೂಪಾಯಿಗೆ ಒಟ್ಟು ತೆರಿಗೆ 2.25. ಅದನ್ನು ಪೈಸೆಯಲ್ಲಿ ಸಮನಾಗಿ ಒಡೆಯಲಾಗದು. 1.13 ಮತ್ತು 1.12 ಎಂದು ಒಡೆದರೆ ಒಂದೇ ದರದ ಎರಡು ತೆರಿಗೆಗಳು ಬೇರೆಯಾಗಿ ಕಾಣುತ್ತವೆ. ಇವು ಕೇಂದ್ರದ ಮತ್ತು ರಾಜ್ಯದ ಎರಡು ಬೇರೆ ಕಾಯ್ದೆಗಳ ಕೆಳಗಿನ ತೆರಿಗೆಗಳಾದ್ದರಿಂದ ಪ್ರತಿಯೊಂದನ್ನೂ ಅದರದರ ದರದಲ್ಲೇ ಲೆಕ್ಕ ಹಾಕಬೇಕು. ಆದ್ದರಿಂದ 1.13 ಮತ್ತು 1.13, ಸಾಲಿನ ಮೊತ್ತ 47.26.

ಬ್ರೌಸರಿನ ಲೆಕ್ಕವನ್ನು ಸರಿಪಡಿಸಲಿಲ್ಲ, ತೆಗೆದುಹಾಕಿದೆವು. ಒಂದು ಸಾಲು ತುಂಬಿದೊಡನೆ ಪುಟವು ಸರ್ವರನ್ನು ಕೇಳಿ ಅಂಕಿ ತೋರಿಸುತ್ತದೆ.

ಹಳೆಯ ಬಿಲ್ಲುಗಳು

ಇಲ್ಲಿ ನಾವು ದೊಡ್ಡದೊಂದು ತಪ್ಪನ್ನು ಮಾಡುವ ಅಂಚಿಗೆ ಬಂದಿದ್ದೆವು. ಹಳೆಯ ವ್ಯವಸ್ಥೆ ಬಿಲ್ಲಿನ ಸಾಲುಗಳನ್ನು ಮಾತ್ರ ಡೇಟಾಬೇಸಿನಲ್ಲಿ ಇಟ್ಟು, ತೆರಿಗೆಯನ್ನೂ ಮೊತ್ತವನ್ನೂ ಪ್ರತಿ ಸಲ ಮುದ್ರಿಸುವಾಗ ಹೊಸದಾಗಿ ಲೆಕ್ಕ ಹಾಕುತ್ತಿತ್ತು. ಈ ದುರಸ್ತಿಯನ್ನು ಹಾಗೆಯೇ ಸೇರಿಸಿದ್ದರೆ, ಕಳೆದ ವರ್ಷ ಕೊಟ್ಟು, ಆಗಲೇ ಜಿಎಸ್‌ಟಿಆರ್-1 ಎಂಬ ಮಾರಾಟದ ತೆರಿಗೆ ವಿವರಪಟ್ಟಿಯಲ್ಲಿ ತೋರಿಸಿಯಾದ ಬಿಲ್ಲೊಂದರ ನಕಲನ್ನು ಇಂದು ಮುದ್ರಿಸಿದರೆ ಬೇರೆ ಅಂಕಿ ಬರುತ್ತಿತ್ತು. ಕೊಟ್ಟ ಬಿಲ್ ಕೊಟ್ಟಂತೆಯೇ ಇರಬೇಕು, ಅದರ ಲೆಕ್ಕ ತಪ್ಪಾಗಿದ್ದರೂ.

ಆದ್ದರಿಂದ ಕೆಲಸವನ್ನು ಎರಡು ಕಮಿಟ್‌ಗಳಾಗಿ ಒಡೆದೆ. ಮೊದಲನೆಯದು ಹಳೆಯ ಕೋಡಿನಿಂದಲೇ ಲೆಕ್ಕ ಹಾಕಿ, ಪ್ರತಿ ಹಳೆಯ ಬಿಲ್ಲಿನ ಸಾಲಿನ ತೆರಿಗೆಗಳನ್ನೂ ಕೊನೆಯ ಮೊತ್ತವನ್ನೂ ಡೇಟಾಬೇಸಿನ ಹೊಸ ಕಾಲಮ್‌ಗಳಲ್ಲಿ ಬರೆದಿಡುತ್ತದೆ. ಬ್ರೌಸರಿನ ಅಂಕಿಯಲ್ಲ, ಸರ್ವರಿನ ಅಂಕಿ, ಏಕೆಂದರೆ ಗ್ರಾಹಕರ ಕೈಗೆ ಹೋದ ಕಾಗದ ಅಲ್ಲಿಂದ ಹುಟ್ಟಿದ್ದು. ಅಂಗಡಿಯ ಕಡತದಲ್ಲಿದ್ದ ಕೆಲವು ಹಳೆಯ ಕಾಗದಗಳನ್ನು ತೆಗೆದು, ಬರೆದಿಟ್ಟ ಅಂಕಿಗಳ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡಿದೆವು. ಎರಡನೆಯ ಕಮಿಟ್ ಹೊಸ ನಿಯಮವನ್ನು ತರುತ್ತದೆ. ಮುದ್ರಣವು ಇನ್ನು ಮುಂದೆ ಲೆಕ್ಕ ಹಾಕುವುದಿಲ್ಲ, ಬರೆದಿಟ್ಟದ್ದನ್ನು ಓದುತ್ತದೆ. ಇವೆರಡರ ಕ್ರಮ ಅದಲುಬದಲಾದರೆ ಹಳೆಯ ಅಂಕಿಗಳು ಮರಳಿ ಸಿಗುವುದಿಲ್ಲ. ಆದ್ದರಿಂದ ಆ ಮಾತನ್ನು ಕಮಿಟ್ ಸಂದೇಶದ ಒಳಗೇ ಬರೆದೆ.

ಕಮಿಟ್ ಸಂದೇಶ

ನಮ್ಮ ತಂಡದಲ್ಲಿ ಈ ಸಂದೇಶಗಳನ್ನು ಕನ್ನಡದಲ್ಲಿ ಬರೆಯುವ ರೂಢಿಯಿದೆ, ಏಕೆಂದರೆ ಲೆಕ್ಕಿಗರೂ ಅವನ್ನು ಓದುತ್ತಾರೆ. ಮೊದಲ ಸಾಲು ಪಟ್ಟಿಯಲ್ಲಿ ಕಾಣುವಷ್ಟು ಚಿಕ್ಕದಾಗಿರಬೇಕು, ಆಮೇಲೆ ಒಂದು ಖಾಲಿ ಸಾಲು, ಆಮೇಲೆ ಕಾರಣ. ಕೋಡಿನಲ್ಲಿ ಏನು ಬದಲಾಯಿತು ಎಂಬುದನ್ನು ಕೋಡೇ ತೋರಿಸುತ್ತದೆ. `ROUND_HALF_UP` ಏಕೆ, ಸಾಲಿನಲ್ಲಿ ಏಕೆ ಎಂಬುದನ್ನು ಅದು ಎಂದಿಗೂ ಹೇಳಲಾರದು. ಎರಡನೆಯ ಕಮಿಟ್‌ನ ಸಂದೇಶ ಹೀಗಿದೆ.

```
ಬಿಲ್ ಮೊತ್ತ: ತೆರಿಗೆಯನ್ನು ಸಾಲಿನಲ್ಲೇ ಪೈಸೆಗೆ ರೌಂಡ್ ಮಾಡು

ಪರದೆ, ಬಿಲ್ಲಿನ ಸಾಲು ಮತ್ತು ಬಿಲ್ಲಿನ ಮೊತ್ತ ಮೂರೂ ಬೇರೆ ಬೇರೆ
ನಿಯಮದಲ್ಲಿ ರೌಂಡ್ ಆಗುತ್ತಿದ್ದವು. ಶೇ. 5 ದರದ 45.00, 125.00,
85.00, 64.50 ಸಾಲುಗಳಿಗೆ ಪರದೆ 336, ಕಾಗದ 335 ತೋರಿಸುತ್ತಿತ್ತು.

ಇನ್ನು ಮುಂದೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಪ್ರತಿಯೊಂದನ್ನೂ ಸಾಲಿನಲ್ಲಿ
ಪೈಸೆಗೆ ರೌಂಡ್ ಮಾಡಲಾಗುತ್ತದೆ; ಅರ್ಧ ಪೈಸೆ ಮೇಲಕ್ಕೆ. ಮೊತ್ತವು ಅಚ್ಚಾದ
ಅಂಕಿಗಳ ಕೂಡಿಕೆ. ರೂಪಾಯಿಗೆ ಇಳಿಸಿದ ವ್ಯತ್ಯಾಸ ಪ್ರತ್ಯೇಕ ಸಾಲಿನಲ್ಲಿ.

Decimal ಮಾತ್ರ ಬಳಸಿದರೆ ಸಾಲದು: quantize ಸಮ ಅಂಕಿಯ ಕಡೆಗೆ ವಾಲಿ
1.125 ಅನ್ನು 1.12 ಮಾಡುತ್ತದೆ. ದಿಕ್ಕನ್ನು ಹೆಸರಿಸಿ ಹೇಳಲೇಬೇಕು.

ಹಳೆಯ ಬಿಲ್ಲುಗಳ ಮೊತ್ತ ಬರೆದಿಡುವ ಹಿಂದಿನ ಕಮಿಟ್ ಮೊದಲು
ಓಡಿರಬೇಕು. ಇಲ್ಲದಿದ್ದರೆ ಕೊಟ್ಟ ಬಿಲ್ಲುಗಳ ಅಂಕಿ ಬದಲಾಗುತ್ತದೆ.
```

ಪುಲ್ ರಿಕ್ವೆಸ್ಟ್ ವಿವರಣೆ

ಕಮಿಟ್ ಸಂದೇಶ ಕೋಡಿನ ಜೊತೆ ಉಳಿಯುವ ಟಿಪ್ಪಣಿ. ಪುಲ್ ರಿಕ್ವೆಸ್ಟ್ ವಿವರಣೆಯನ್ನು ಓದುವವರು ಇದನ್ನು ಸೇರಿಸಬೇಕೇ ಬೇಡವೇ ಎಂದು ನಿರ್ಧರಿಸಬೇಕಾದವರು. ಆದ್ದರಿಂದ ಅಲ್ಲಿ ಏನನ್ನು ಪರಿಶೀಲಿಸಬೇಕು, ಏನನ್ನು ಬಿಟ್ಟಿದ್ದೇವೆ ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟೆ.

> ತೊಂದರೆ. ಒಂದೇ ಬಿಲ್ಲಿಗೆ ಪರದೆಯಲ್ಲಿ 336, ಕಾಗದದಲ್ಲಿ 335 ಬರುತ್ತಿತ್ತು. ಮೇಲಾಗಿ ಆ ಬಿಲ್ಲನ್ನು ಪೂರ್ತಿ ವಾಪಸು ಪಡೆದರೆ ಪರದೆ 335 ಮಾತ್ರ ಹಿಂದಿರುಗಿಸಲು ಹೇಳುತ್ತಿತ್ತು, ಏಕೆಂದರೆ `Math.round(-112.5)` ಎಂದರೆ -113 ಅಲ್ಲ, -112.
>
> ನಿಯಮ. ತೆರಿಗೆಯನ್ನು ಸಾಲಿನಲ್ಲಿ ಪೈಸೆಗೆ ರೌಂಡ್ ಮಾಡುವುದು, ಅರ್ಧ ಪೈಸೆಯನ್ನು ಮೇಲಕ್ಕೆ ಏರಿಸುವುದು, ಅಚ್ಚಾದ ಅಂಕಿಗಳನ್ನೇ ಕೂಡುವುದು, ಕೊನೆಯಲ್ಲಿ ಒಮ್ಮೆ ಮಾತ್ರ ರೂಪಾಯಿಗೆ ಇಳಿಸುವುದು. ಅಂಗಡಿಯ ಲೆಕ್ಕಿಗರು ಇದನ್ನು ಒಪ್ಪಿದ್ದಾರೆ. ಇಡೀ ಬಿಲ್ಲಿಗೆ ಒಮ್ಮೆ ರೌಂಡ್ ಮಾಡುವ ದಾರಿಯನ್ನೂ ನೋಡಿದೆವು. ಅದು ಹೆಚ್ಚು ನಿಖರ, ಆದರೆ ಸಾಲುಗಳ ಕೂಡಿಕೆ ಅಡಿಯ ಅಂಕಿಗೆ ಹೊಂದುವುದಿಲ್ಲ.
>
> ಪರಿಶೀಲನೆ. ಮೇಲಿನ ನಾಲ್ಕು ಸಾಲುಗಳ ಬಿಲ್ಲಿಗೆ ಸಿಜಿಎಸ್‌ಟಿ 8.00, ಎಸ್‌ಜಿಎಸ್‌ಟಿ 8.00, ರೌಂಡ್ ಆಫ್ 0.50, ಕೊಡಬೇಕಾದದ್ದು 336 ಬರಬೇಕು. ವಾಪಸಾತಿಯಲ್ಲಿ ಇವೇ ಅಂಕಿಗಳು ಋಣ ಚಿಹ್ನೆಯೊಂದಿಗೆ ಬರಬೇಕು. ಈ ಬದಲಾವಣೆಗೆ ಮುಂಚಿನ ಯಾವುದೇ ಬಿಲ್ಲಿನ ನಕಲು ಮುದ್ರಿಸಿದರೂ ಹಳೆಯ ಅಂಕಿಯೇ ಬರಬೇಕು.
>
> ಇದರಲ್ಲಿ ಇಲ್ಲದ್ದು. ಒಂದು ಸಾಲಿನ ಸರಕನ್ನು ಕಂತುಗಳಲ್ಲಿ ವಾಪಸು ಪಡೆದಾಗ ಪೈಸೆ ತಾಳೆಯಾಗದಿರುವ ವಿಷಯವನ್ನು ಪ್ರತ್ಯೇಕವಾಗಿ ದಾಖಲಿಸಲಾಗಿದೆ.
>
> ಹಿಂತೆಗೆಯಬೇಕಾದರೆ. ಎರಡನೆಯ ಕಮಿಟ್ ಅನ್ನು ಮಾತ್ರ ಹಿಂತೆಗೆಯಿರಿ. ಬರೆದಿಟ್ಟ ಮೊತ್ತಗಳ ಕಾಲಮ್‌ಗಳನ್ನು ಅಳಿಸಬೇಡಿ.

ಟೆಸ್ಟ್‌ಗಳ ಬಗ್ಗೆ ಒಂದು ಮಾತು ಹೇಳಬೇಕು. ನಾಲ್ಕು ಸಾಲುಗಳ ಬಿಲ್ಲಲ್ಲದೆ, ಒಂದು ಪೈಸೆಯಿಂದ 1000 ರೂಪಾಯಿವರೆಗಿನ ಪ್ರತಿಯೊಂದು ಬೆಲೆಯನ್ನೂ ಹೊಸ ಕೋಡಿನಿಂದ ಒಮ್ಮೆ, ಕೇವಲ ಪೂರ್ಣಾಂಕಗಳ ಲೆಕ್ಕದಿಂದ ಇನ್ನೊಮ್ಮೆ ಎಣಿಸಿ ಹೋಲಿಸುವ ಟೆಸ್ಟ್ ಬರೆದೆ. ಒಂದು ಲಕ್ಷ ಬೆಲೆಗಳು ಎಂದರೆ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ಎರಡನೆಯ ಲೆಕ್ಕದಲ್ಲಿ `Decimal` ಆಗಲಿ `round` ಆಗಲಿ ಇಲ್ಲದಿರುವುದು ಮುಖ್ಯ. ಅದೇ ಉಪಕರಣದಿಂದ ಅದನ್ನೇ ಪರೀಕ್ಷಿಸಿದರೆ ಎರಡೂ ಒಟ್ಟಿಗೆ ತಪ್ಪಬಹುದು.

```python
for t in range(1, 100_001):          # ಪೈಸೆಯಲ್ಲಿ
    for gst in (5, 18):
        want = (t * gst + 100) // 200
        got, _ = line_tax(Decimal(t) / 100, Decimal(gst))
        assert got * 100 == want
```

ರಿವ್ಯೂ ಮಾಡಿದ ಹಿರಿಯ ಸಹೋದ್ಯೋಗಿಯ ಒಂದು ಪ್ರಶ್ನೆ ನನ್ನನ್ನು ಮತ್ತೆ ಕಾಗದ ಪೆನ್ನಿಗೆ ಕಳಿಸಿತು. "ಇದೇ 45 ರೂಪಾಯಿಯ ಸರಕು ಹೊಸೂರಿನ ಅಂಗಡಿಗೆ ಹೋದರೆ ಎಷ್ಟಾಗುತ್ತದೆ, ನೋಡಿದ್ದೀರಾ?" ಎಂದು ಅವರು ಕೇಳಿದರು. ಹೊಸೂರು ತಮಿಳುನಾಡಿನಲ್ಲಿರುವುದರಿಂದ ಅಲ್ಲಿ ಶೇ. 5 ಐಜಿಎಸ್‌ಟಿ ಒಂದೇ ತೆರಿಗೆಯಾಗಿ ಬೀಳುತ್ತದೆ. ಅದು 2.25, ಅರ್ಧ ಪೈಸೆಯ ಮಾತೇ ಇಲ್ಲ. ಅಂದರೆ ಬೆಂಗಳೂರಿನ ಗ್ರಾಹಕರಿಗೆ 47.26 ಆಗುವ ಸಾಲು ಹೊಸೂರಿನವರಿಗೆ 47.25. ಇದನ್ನು ದೋಷವೆಂದು ಸಮನಾಗಿಸಲು ಹೋಗಬಾರದು, ಎರಡು ತೆರಿಗೆಗಳನ್ನು ಬೇರೆ ಬೇರೆಯಾಗಿ ಪೈಸೆಗೆ ತಂದದ್ದರ ಸಹಜ ಫಲವಿದು ಎಂದು ಉತ್ತರಿಸಿದೆ. ಅವರು ಅದನ್ನು ಒಪ್ಪಿದರು, ಆದರೆ ಈ ಎರಡು ಅಂಕಿಗಳನ್ನೂ ಒಂದು ಟೆಸ್ಟ್ ಆಗಿ ಸೇರಿಸಬೇಕೆಂದು ಕೇಳಿದರು, ಮುಂದೆ ಯಾರಾದರೂ ಇವನ್ನು ನೋಡಿ ಸರಿಪಡಿಸಲು ಹೊರಡದಿರಲಿ ಎಂದು. ಸೇರಿಸಿದೆ.

ಲೆಕ್ಕಿಗರ ಪ್ರಶ್ನೆ ಬೇರೆಯದಾಗಿತ್ತು. ರೌಂಡ್ ಆಫ್ ಎಂದು ತೋರಿಸುವ 0.50 ತೆರಿಗೆಯಲ್ಲಿ ಸೇರುತ್ತದೆಯೇ ಎಂದು ಅವರು ಕೇಳಿದರು. ಸೇರುವುದಿಲ್ಲ. ತೆರಿಗೆ 16.00 ಎಂದೇ ಉಳಿಯುತ್ತದೆ, 0.50 ಬೇರೆ ಸಾಲಿನಲ್ಲಿ ನಿಲ್ಲುತ್ತದೆ. ಅವರು ತಮ್ಮ ಲೆಕ್ಕಪುಸ್ತಕದಲ್ಲಿ ಅದಕ್ಕೆ ಪ್ರತ್ಯೇಕ ಖಾತೆ ಇಟ್ಟುಕೊಂಡಿದ್ದಾರೆ. ಹಳೆಯ ಬಿಲ್ಲಿನಲ್ಲಿ ಈ ಸಾಲೇ ಇರದಿದ್ದುದರಿಂದ ಇಷ್ಟು ದಿನ ಆ ಖಾತೆಗೆ ಅಂಕಿಗಳನ್ನು ಕೈಯಿಂದಲೇ ಬರೆಯುತ್ತಿದ್ದರಂತೆ.

ಮರ್ಜ್ ಆದ ಮೇಲಿನ ಮೊದಲ ವಾರ ನಾನು ಪ್ರತಿ ಸಂಜೆ ಅಂಗಡಿಯ ಯುಪಿಐ ಜಮೆಗಳನ್ನೂ ಬಿಲ್ಲಿನ ಮೊತ್ತಗಳನ್ನೂ ಹೋಲಿಸಿ ನೋಡಿದೆ. ಒಂದು ರೂಪಾಯಿಯ ವ್ಯತ್ಯಾಸ ಮತ್ತೆ ಬರಲಿಲ್ಲ. ಬಾಕಿ ಉಳಿದದ್ದು ಕಂತುಗಳ ವಾಪಸಾತಿ. 15 ರೂಪಾಯಿಯ ಮೂರು ಪೊಟ್ಟಣಗಳು ಒಂದೇ ಸಾಲಿನಲ್ಲಿ 45 ಆಗಿ ಮಾರಾಟವಾದಾಗ ಸಿಜಿಎಸ್‌ಟಿ 1.13. ಅವುಗಳನ್ನು ಬೇರೆ ಬೇರೆ ದಿನ ಒಂದೊಂದಾಗಿ ವಾಪಸು ತಂದರೆ ಪ್ರತಿಯೊಂದಕ್ಕೂ 0.375, ಅಂದರೆ 0.38, ಮೂರಕ್ಕೆ 1.14. ಕೊನೆಯ ಪೊಟ್ಟಣಕ್ಕೆ ಹೊಸದಾಗಿ ಲೆಕ್ಕ ಹಾಕದೆ, ಮೂಲ ಸಾಲಿನಲ್ಲಿ ಉಳಿದ 0.37 ಅನ್ನೇ ಕೊಡಬೇಕು ಎಂಬ ಸಲಹೆಯೊಂದಿಗೆ ಅದನ್ನು ದಾಖಲಿಸಿದ್ದೇನೆ. ಹಾಗೆ ಮಾಡಲು ಪ್ರತಿ ವಾಪಸಾತಿಯೂ ತನ್ನ ಮೂಲ ಸಾಲಿನ ಗುರುತನ್ನು ಹೊತ್ತಿರಬೇಕು. ಇಂದಿನ ಡೇಟಾಬೇಸಿನಲ್ಲಿ ಅದು ಬಿಲ್ಲಿನ ಸಂಖ್ಯೆಯನ್ನು ಮಾತ್ರ ಹೊತ್ತಿದೆ, ಆದ್ದರಿಂದ ಮುಂದಿನ ಕೆಲಸ ಆ ಕಾಲಮ್‌ನಿಂದಲೇ ಶುರುವಾಗುತ್ತದೆ.